ಕುಷ್ಟಗಿಯ ಮಳೆ, ಗಂಗಾವತಿಯ ಕಾಲುವೆ ಮತ್ತು ವರ್ಷದ ವೇರಿಯಬಲ್ ಪೇ

ನೇಮಕಾತಿ ಪತ್ರದ ಕೊನೆಯಲ್ಲಿ ಒಂದು ಅನುಬಂಧ ಇರುತ್ತದೆ. ಮೂಲವೇತನ, ಮನೆಬಾಡಿಗೆ ಭತ್ಯೆ, ಪಿಎಫ್, ಗ್ರಾಚ್ಯುಟಿ ಎಲ್ಲ ಮುಗಿದ ಮೇಲೆ ಕೆಳಗೊಂದು ಸಾಲು: 'ವಾರ್ಷಿಕ ವೇರಿಯಬಲ್ ಪೇ – 1,20,000 ರೂಪಾಯಿ'. ಅದರ ಕೆಳಗೆ ಎಲ್ಲವನ್ನೂ ಕೂಡಿಸಿದ ಸಿಟಿಸಿ. ಯಲಬುರ್ಗಾದಲ್ಲಾಗಲಿ ಕುಷ್ಟಗಿಯಲ್ಲಾಗಲಿ, ಮಗನಿಗೋ ಮಗಳಿಗೋ ನೌಕರಿ ಸಿಕ್ಕಿತೆಂದು ನೆಂಟರಿಗೆ ಹೇಳುವಾಗ ಬಾಯಿಗೆ ಬರುವುದು ಈ ಕೊನೆಯ ಮೊತ್ತವೇ. ಅದನ್ನು ಹನ್ನೆರಡರಿಂದ ಭಾಗಿಸಿ ತಿಂಗಳಿಗೆ ಇಷ್ಟು ಅಂತ ಮನೆಯವರು ಲೆಕ್ಕ ಹಾಕುತ್ತಾರೆ, ಸೈಟಿನ ಕಂತು ಕಟ್ಟುತ್ತಾರೆ. ಮೊದಲ ಸಂಬಳ ಬಂದ ದಿನ ಫೋನಿನಲ್ಲಿ ಪ್ರಶ್ನೆ ಏಳುತ್ತದೆ: "ಅಲ್ಲೋ ತಮ್ಮಾ, ಇಷ್ಟ ಬಂತಲ್ಲ, ಉಳಿದಿದ್ದು ಎಲ್ಲಿ ಹೋತು?"

ಉಳಿದದ್ದು ಇನ್ನೂ ಹುಟ್ಟೇ ಇಲ್ಲ ಎನ್ನುವುದು ಸರಿಯಾದ ಉತ್ತರ. ಪತ್ರದಲ್ಲಿರುವ 1,20,000 ಎಂಬುದು ಎಲ್ಲವೂ ಗುರಿಯಂತೆ ನಡೆದರೆ ಸಿಗಬಹುದಾದ ಮೊತ್ತ. ಅದಕ್ಕೆ 'ಟಾರ್ಗೆಟ್ ವೇರಿಯಬಲ್' ಎನ್ನುತ್ತಾರೆ. ಮಾರ್ಚ್ 31ಕ್ಕೆ ಆರ್ಥಿಕ ವರ್ಷ ಮುಗಿದು, ಲೆಕ್ಕಪರಿಶೋಧನೆಯಾಗಿ, ಆಡಳಿತ ಮಂಡಳಿ ಫಲಿತಾಂಶಕ್ಕೆ ಒಪ್ಪಿಗೆ ಕೊಟ್ಟು, ಅಪ್ರೈಸಲ್ ಮುಗಿದ ನಂತರವೇ ನಿಜವಾದ ಮೊತ್ತ ತಿಳಿಯುವುದು. ಆಗ ಈ ಗುರಿ ಮೊತ್ತವನ್ನು ಮೂರು ಅಳತೆಗಳಿಗೆ ಒಡ್ಡುತ್ತಾರೆ. ಕಂಪನಿ ಎಷ್ಟು ಗಳಿಸಿತು, ನಿಮ್ಮ ತಂಡ ಅಥವಾ ಶಾಖೆ ಗುರಿ ಮುಟ್ಟಿತೇ, ನಿಮ್ಮ ವೈಯಕ್ತಿಕ ರೇಟಿಂಗ್ ಎಷ್ಟು. ಈ ಮೂರನ್ನೂ ಹೇಗೆ ಜೋಡಿಸುತ್ತಾರೆ ಎಂಬುದರ ಮೇಲೆ ಕೈಗೆ ಬರುವ ಹಣ ನಿಂತಿದೆ. ಒಂದಕ್ಕೊಂದು ಗುಣಿಸುತ್ತಾರೋ, ಪಾಲು ಹಾಕಿ ಕೂಡಿಸುತ್ತಾರೋ ಎಂಬ ಈ ಒಂದು ವ್ಯತ್ಯಾಸ ಹೆಚ್ಚಿನ ನೌಕರರಿಗೆ ಗೊತ್ತಿಲ್ಲ. ಗೊತ್ತಿದ್ದರೆ ಎಷ್ಟೋ ಮನೆಗಳು ಬರದ ಹಣವನ್ನು ನಂಬಿ ಕಂತಿನ ಕಾಗದಕ್ಕೆ ಸಹಿ ಹಾಕುತ್ತಿರಲಿಲ್ಲ.

ಲೆಕ್ಕ ಬಿಡಿಸಲು ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಟ್ರ್ಯಾಕ್ಟರ್ ಸಾಲ ಕೊಡುವ ಒಂದು ಖಾಸಗಿ ಹಣಕಾಸು ಕಂಪನಿ. ಅದಕ್ಕೆ ಗಂಗಾವತಿಯಲ್ಲೊಂದು ಶಾಖೆ, ಕುಷ್ಟಗಿಯಲ್ಲೊಂದು ಶಾಖೆ. ಎರಡೂ ಕಡೆಯ ವ್ಯವಸ್ಥಾಪಕರಿಗೆ ನಿಶ್ಚಿತ ಸಂಬಳ ವರ್ಷಕ್ಕೆ 7,20,000, ಟಾರ್ಗೆಟ್ ವೇರಿಯಬಲ್ 1,20,000. ಪತ್ರ ಒಂದೇ, ಹುದ್ದೆ ಒಂದೇ, ಸಿಟಿಸಿ ಒಂದೇ.

ಮೊದಲ ಅಳತೆ ಕಂಪನಿಯದು. ವರ್ಷದ ಆರಂಭದಲ್ಲಿ ಆಡಳಿತ ಮಂಡಳಿ 500 ಕೋಟಿ ಲಾಭದ ಗುರಿ ಇಟ್ಟಿತ್ತು ಅಂದುಕೊಳ್ಳಿ, ಬಂದದ್ದು 480 ಕೋಟಿ. ಗುರಿಯ ನೂರಕ್ಕೆ 96. ಹಾಗಾದರೆ ವೇರಿಯಬಲ್ ಕೂಡ ನೂರಕ್ಕೆ 96 ಸಿಗಬೇಕು ಎಂದು ಯಾರಿಗಾದರೂ ಅನ್ನಿಸುತ್ತದೆ. ಹಾಗಾಗುವುದಿಲ್ಲ. ಬಹಳಷ್ಟು ಯೋಜನೆಗಳಲ್ಲಿ ಒಂದು ಹೊಸ್ತಿಲು ಇರುತ್ತದೆ. ನಮ್ಮ ಉದಾಹರಣೆಯಲ್ಲಿ ಗುರಿಯ ನೂರಕ್ಕೆ 90ಕ್ಕಿಂತ ಕೆಳಗಿದ್ದರೆ ಕಂಪನಿಯ ಅಂಶ ಸೊನ್ನೆ. 90 ಮುಟ್ಟಿದರೆ ಅರ್ಧ, ಅಂದರೆ 0.5. ಅಲ್ಲಿಂದ ಮೇಲೆ ಪ್ರತಿ ಒಂದು ಶೇಕಡಾಕ್ಕೆ 0.05 ಏರುತ್ತದೆ. 100ಕ್ಕೆ ಪೂರ್ತಿ 1, 110 ಆದರೆ 1.5, ಅಲ್ಲಿಗೆ ಮಿತಿ. ಈ ಏಣಿಯ ಮೇಲೆ 96 ಎಂದರೆ 0.8. ಲಾಭ ಗುರಿಗಿಂತ ನೂರಕ್ಕೆ 4ರಷ್ಟು ಕಡಿಮೆಯಾದರೆ ಈ ಅಂಶ ನೂರಕ್ಕೆ 20ರಷ್ಟು ಕುಸಿಯುತ್ತದೆ. ಲಾಭ 450 ಕೋಟಿಗಿಂತ ಒಂದು ಚೂರು ಕೆಳಗಿಳಿದಿದ್ದರೆ ಪೂರ್ತಿ ಸೊನ್ನೆ. ಕಂಪನಿ ಲಾಭದಲ್ಲಿಯೇ ಇದೆ, ಪತ್ರಿಕೆಯಲ್ಲಿ ದಾಖಲೆಯ ಫಲಿತಾಂಶ ಅಂತ ಬಂದಿದೆ, ಆದರೂ ನಮಗೆ ಯಾಕೆ ಕಡಿಮೆ ಎಂದು ನೌಕರರು ಕೇಳುವುದು ಇದಕ್ಕೇ. ಹೋದ ವರ್ಷಕ್ಕಿಂತ ಹೆಚ್ಚು ಗಳಿಸುವುದು ಬೇರೆ, ಈ ವರ್ಷದ ಗುರಿ ಮುಟ್ಟುವುದು ಬೇರೆ. ವೇರಿಯಬಲ್ ಪೇ ನೋಡುವುದು ಎರಡನೆಯದನ್ನು.

ಎರಡನೆಯ ಅಳತೆ ಶಾಖೆಯದು. ನಮ್ಮ ಕೊಪ್ಪಳ ಜಿಲ್ಲೆಯ ಮಟ್ಟಿಗೆ ನಿಜವಾದ ಕಥೆ ಇರುವುದು ಇಲ್ಲೇ. ಗಂಗಾವತಿ ತುಂಗಭದ್ರಾ ಎಡದಂಡೆ ಕಾಲುವೆಯ ಊರು. ಕಾಲುವೆಗೆ ನೀರು ಬಿಟ್ಟರೆ ಭತ್ತ, ಭತ್ತ ಬಂದರೆ ಅಕ್ಕಿ ಗಿರಣಿ, ಗಿರಣಿ ನಡೆದರೆ ಲಾರಿ, ಟ್ರ್ಯಾಕ್ಟರ್, ಹಮಾಲರ ಕೈಯಲ್ಲಿ ಕಾಸು. ಕುಷ್ಟಗಿ ಮತ್ತು ಯಲಬುರ್ಗಾದ ಬಹುಪಾಲು ಹೊಲಗಳು ಮಳೆಯನ್ನೇ ನಂಬಿದವು. ಸಜ್ಜೆ, ಮೆಕ್ಕೆಜೋಳ, ತೊಗರಿ, ಕಡಲೆ, ಬಿಳಿಜೋಳ ಎಲ್ಲವೂ ಮೋಡ ನೋಡಿ ಬೆಳೆಯುವವು. 2023ರಲ್ಲಿ ಮಳೆ ಕೈಕೊಟ್ಟು ರಾಜ್ಯದ ಬಹುತೇಕ ತಾಲ್ಲೂಕುಗಳನ್ನು ಬರಪೀಡಿತ ಎಂದು ಸರ್ಕಾರ ಘೋಷಿಸಿತು. ನೀರಾವರಿಯೂ ಪೂರ್ತಿ ಭದ್ರವೇನಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಕ್ರೆಸ್ಟ್ ಗೇಟ್ ಕೊಚ್ಚಿಹೋದಾಗ ಗಂಗಾವತಿಯ ಪ್ರತಿ ಅಂಗಡಿಯಲ್ಲೂ ಒಂದೇ ಮಾತು, ಬೆಳೆಗೆ ನೀರು ಉಳಿಯುತ್ತದೋ ಇಲ್ಲವೋ ಎಂದು. ತಾತ್ಕಾಲಿಕ ಗೇಟ್ ಕೂರಿಸುವ ತನಕ ಆ ಆತಂಕ ಇಳಿಯಲಿಲ್ಲ.

ಶಾಖೆಯ ಗುರಿ ನಿಗದಿಯಾಗುವುದು ಏಪ್ರಿಲ್‌ನಲ್ಲಿ. ಮಳೆ ಬಾರದಿರುವುದು ಗೊತ್ತಾಗುವುದು ಜುಲೈನಲ್ಲಿ. ಮುಖ್ಯ ಕಚೇರಿಯ ಹಾಳೆಯಲ್ಲಿ ಎರಡೂ ಶಾಖೆಗೆ 'ಹೋದ ವರ್ಷಕ್ಕಿಂತ ನೂರಕ್ಕೆ 20 ಹೆಚ್ಚು' ಎಂಬ ಒಂದೇ ಸಾಲು. ಇಂಥ ಸಮನಾದ ಗುರಿ ನೋಡಲು ನ್ಯಾಯವೆನಿಸುತ್ತದೆ, ಆದರೆ ನೆಲ ಸಮನಾಗಿಲ್ಲ. ನಮ್ಮ ಉದಾಹರಣೆಯ ವರ್ಷದಲ್ಲಿ ಗಂಗಾವತಿ ಶಾಖೆ ಗುರಿ ದಾಟಿ 1.1 ಅಂಶ ಪಡೆಯಿತು. ಕುಷ್ಟಗಿ ಶಾಖೆಗೆ 0.7.

ಮೂರನೆಯದು ವೈಯಕ್ತಿಕ ರೇಟಿಂಗ್. ಐದು ಮೆಟ್ಟಿಲಿನ ರೇಟಿಂಗ್ ಇರುವ ಕಡೆ ಪ್ರತಿ ಮೆಟ್ಟಿಲಿಗೂ ಒಂದು ಗುಣಕ ಇರುತ್ತದೆ. ಅತ್ಯುತ್ತಮಕ್ಕೆ 1.5, ಬಹಳ ಒಳ್ಳೆಯದಕ್ಕೆ 1.2, ಒಳ್ಳೆಯದಕ್ಕೆ 1, ಸುಧಾರಿಸಬೇಕು ಎಂಬುದಕ್ಕೆ 0.8, ಕೊನೆಯದಕ್ಕೆ ಸೊನ್ನೆ ಎಂದು ಇಟ್ಟುಕೊಳ್ಳೋಣ. ಗಂಗಾವತಿಯವರಿಗೆ 1.2 ಬಂತು. ಕುಷ್ಟಗಿಯವರು ಬರದ ನಡುವೆಯೂ ಊರೂರು ತಿರುಗಿ ವಸೂಲಿ ಕೆಡದಂತೆ ನೋಡಿಕೊಂಡಿದ್ದರು. ಆದರೆ ಅವರ ಅಪ್ರೈಸಲ್ ಹಾಳೆಯ ಮೊದಲ ಗುರಿಯೇ 'ಶಾಖೆಯ ವ್ಯವಹಾರ'. ಅದು ತಪ್ಪಿತ್ತು. ಬಂದದ್ದು 0.8.

ಈಗ ಗುಣಿಸಿ. ಗಂಗಾವತಿಗೆ 0.8 × 1.1 × 1.2, ಅಂದರೆ 1.056. ಕೈಗೆ 1,26,720 ರೂಪಾಯಿ. ಕುಷ್ಟಗಿಗೆ 0.8 × 0.7 × 0.8, ಅಂದರೆ 0.448. ಕೈಗೆ 53,760 ರೂಪಾಯಿ. ಒಂದೇ ಪತ್ರ ಹಿಡಿದು ಕೆಲಸಕ್ಕೆ ಸೇರಿದ ಇಬ್ಬರ ನಡುವೆ 72,960 ರೂಪಾಯಿ ಅಂತರ.

ಇದನ್ನೇ ಕೂಡಿಸುವ ಪದ್ಧತಿಯಲ್ಲಿ ಮಾಡಿ ನೋಡೋಣ. ಕಂಪನಿಗೆ ನೂರಕ್ಕೆ 50 ಪಾಲು, ತಂಡಕ್ಕೆ 30, ವ್ಯಕ್ತಿಗೆ 20. ಅಂಶಗಳು ಅವೇ. ಗಂಗಾವತಿಗೆ 0.40, 0.33, 0.24 ಸೇರಿ 0.97. ಅಂದರೆ 1,16,400 ರೂಪಾಯಿ. ಕುಷ್ಟಗಿಗೆ 0.40, 0.21, 0.16 ಸೇರಿ 0.77. ಅಂದರೆ 92,400 ರೂಪಾಯಿ. ಅಂತರ 24,000ಕ್ಕೆ ಇಳಿಯಿತು. ಮಳೆ ಅದೇ, ಕಾಲುವೆ ಅದೇ, ದುಡಿಮೆಯೂ ಅದೇ. ಬದಲಾದದ್ದು ಗುಣಾಕಾರದ ಜಾಗಕ್ಕೆ ಬಂದ ಸಂಕಲನ ಮಾತ್ರ. ಕೂಡಿಸುವಲ್ಲಿ ಒಂದು ಅಂಶ ಬಿದ್ದರೆ ಅದರ ಪಾಲಿನಷ್ಟೇ ನಷ್ಟ. ಗುಣಿಸುವಲ್ಲಿ ಬಿದ್ದ ಅಂಶ ಉಳಿದೆರಡನ್ನೂ ಜೊತೆಗೆ ಎಳೆದುಕೊಂಡು ಬೀಳುತ್ತದೆ, ಯಾವುದೊಂದು ಸೊನ್ನೆಯಾದರೂ ಎಲ್ಲವೂ ಸೊನ್ನೆ. ಎದ್ದಾಗ ಹೆಚ್ಚು ಏರುವುದೂ ಗುಣಾಕಾರವೇ ಎಂಬುದು ನಿಜ. ಆದರೆ ಸಂಬಳವನ್ನೇ ನಂಬಿ ಬದುಕುವ ಮನೆಗೆ ಏರಿಕೆಯ ಖುಷಿಗಿಂತ ಇಳಿಕೆಯ ಪೆಟ್ಟು ದೊಡ್ಡದು.

ಕುಷ್ಟಗಿಯ ಲೆಕ್ಕದಲ್ಲಿ ಇನ್ನೊಂದು ಕೊಂಡಿ ಅಡಗಿದೆ. ಬರ ಬಂದು ಶಾಖೆಯ ಗುರಿ ತಪ್ಪಿದ್ದು ಒಂದೇ ಸಂಗತಿ. ಅದಕ್ಕೆ ತಂಡದ ಅಂಶದಲ್ಲಿ ಒಮ್ಮೆ ಕಡಿತವಾಯಿತು, 1ರ ಬದಲು 0.7. ಅದೇ ಕಾರಣಕ್ಕೆ ವೈಯಕ್ತಿಕ ರೇಟಿಂಗ್‌ನಲ್ಲಿ ಮತ್ತೊಮ್ಮೆ ಕಡಿತವಾಯಿತು. ಆ ಮನುಷ್ಯ ಮಾಡಿದ ಕೆಲಸವನ್ನು, ಅಂದರೆ ವಸೂಲಿ ಉಳಿಸಿಕೊಂಡದ್ದು, ಗ್ರಾಹಕರು ಬೇರೆ ಕಡೆ ಹೋಗದಂತೆ ನೋಡಿಕೊಂಡದ್ದು, ಸಿಬ್ಬಂದಿಯನ್ನು ಹಿಡಿದಿಟ್ಟದ್ದು, ಇವನ್ನಷ್ಟೇ ತೂಗಿ 1.2 ಕೊಟ್ಟಿದ್ದರೆ ಗುಣಾಕಾರದಲ್ಲೂ 80,640 ರೂಪಾಯಿ ಬರುತ್ತಿತ್ತು. ಒಂದೇ ತಪ್ಪಿಗೆ ಎರಡು ಬಾರಿ ದಂಡ ಹಾಕಿದ ಬೆಲೆ 26,880 ರೂಪಾಯಿ. ಇದನ್ನು ಪತ್ತೆ ಹಚ್ಚುವುದು ಕಷ್ಟವಲ್ಲ. ನಿಮ್ಮ ವೈಯಕ್ತಿಕ ಗುರಿಗಳ ಹಾಳೆಯನ್ನೂ ತಂಡದ ಗುರಿಯ ಹಾಳೆಯನ್ನೂ ಪಕ್ಕಪಕ್ಕ ಇಟ್ಟು ನೋಡಿ. ಒಂದೇ ಅಂಕಿ ಎರಡೂ ಕಡೆ ಕಂಡರೆ ದಂಡವೂ ಎರಡು, ಬಹುಮಾನವೂ ಎರಡು. ಇದನ್ನು ಕೇಳಬೇಕಾದ ಕಾಲ ಏಪ್ರಿಲ್, ಗುರಿಗಳಿಗೆ ಸಹಿ ಹಾಕುವ ಮುಂಚೆ. ಮರುವರ್ಷ ಮೇನಲ್ಲಿ ಕೇಳಿ ಪ್ರಯೋಜನವಿಲ್ಲ.

ಗುರಿಗೆ ಹಣ ಕಟ್ಟಿದಾಗ ಅದರ ಒತ್ತಡ ಶಾಖೆಯ ಬಾಗಿಲಿನಲ್ಲಿ ನಿಲ್ಲುವುದಿಲ್ಲ. ಬರದ ವರ್ಷದಲ್ಲೂ ವಸೂಲಿಯ ಗುರಿ ಇಳಿಯದಿದ್ದರೆ ಆ ಭಾರ ಸಾಲ ಪಡೆದವರ ಮನೆ ಬಾಗಿಲಿಗೆ ಹೋಗುತ್ತದೆ. 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಕಿರು ಸಾಲಗಳ ಬಲವಂತದ ವಸೂಲಿ ತಡೆಯಲು ಸುಗ್ರೀವಾಜ್ಞೆ ತರಬೇಕಾಗಿ ಬಂತು. ವಸೂಲಿಗೆ ಹೋಗುವವರ ಸಂಬಳ ಹೇಗೆ ಲೆಕ್ಕವಾಗುತ್ತದೆ ಎಂಬುದನ್ನು ಬಿಟ್ಟು ಅವರ ನಡತೆಯನ್ನು ಮಾತ್ರ ತಿದ್ದಲು ಹೊರಟರೆ ಕೆಲಸ ಅರ್ಧಕ್ಕೆ ನಿಲ್ಲುತ್ತದೆ ಎಂದೇ ನನ್ನ ನಂಬಿಕೆ.

ರೇಟಿಂಗ್ ಬಗ್ಗೆ ಇನ್ನೊಂದು ಮಾತು. ಒಳ್ಳೆಯ ಮ್ಯಾನೇಜರ್ ಸಿಕ್ಕರೆ ಎಲ್ಲರಿಗೂ ಒಳ್ಳೆಯ ರೇಟಿಂಗ್ ಕೊಟ್ಟು ಎಲ್ಲರಿಗೂ ಹೆಚ್ಚು ಕೊಡಿಸುತ್ತಾರೆ ಎಂಬ ನಂಬಿಕೆ ಕಚೇರಿಗಳಲ್ಲಿದೆ. ಹೆಚ್ಚಿನ ಕಡೆ ಅದು ಸಾಧ್ಯವಿಲ್ಲ, ಏಕೆಂದರೆ ತಂಡಕ್ಕೆ ಬರುವ ಒಟ್ಟು ಹಣ ಮೊದಲೇ ನಿಗದಿಯಾಗಿರುತ್ತದೆ. ಐದು ಜನರ ತಂಡ, ತಲಾ 60,000 ಗುರಿ, ಒಟ್ಟು ಮೂರು ಲಕ್ಷ ಎಂದುಕೊಳ್ಳಿ. ಕಂಪನಿ ಮತ್ತು ತಂಡದ ಅಂಶಗಳು ಸೇರಿ 0.8 ಆದರೆ ಹಂಚಲು ಇರುವುದು 2,40,000. ಐವರಿಗೂ 1.2 ಕೊಟ್ಟರೆ ಗುಣಕಗಳ ಮೊತ್ತ 6 ಆಗುತ್ತದೆ, ಹಣ ಬೆಳೆಯುವುದಿಲ್ಲ. ಪ್ರತಿಯೊಬ್ಬರಿಗೂ ಆರರಲ್ಲಿ 1.2 ಪಾಲು, ಅಂದರೆ 48,000. ಎಲ್ಲರಿಗೂ 1 ಕೊಟ್ಟಿದ್ದರೂ ಅದೇ 48,000. ಒಬ್ಬರಿಗೆ 1.5, ಮೂವರಿಗೆ 1, ಒಬ್ಬರಿಗೆ 0.5 ಕೊಟ್ಟರೆ ಮೊದಲನೆಯವರಿಗೆ 72,000, ಕೊನೆಯವರಿಗೆ 24,000, ನಡುವಿನವರಿಗೆ ಮತ್ತೆ 48,000. ಮೇಲೆ ಹೋದ 24,000 ಬಂದದ್ದು ಕೆಳಗಿನವರಿಂದಲೇ. ಅಪ್ರೈಸಲ್ ಕಾಲದಲ್ಲಿ ಮ್ಯಾನೇಜರುಗಳೆಲ್ಲ ಕೂತು ರೇಟಿಂಗ್‌ಗಳನ್ನು ಸರಿದೂಗಿಸುವ ಸಭೆಯಲ್ಲಿ ನಡೆಯುವುದು ಇದೇ. ಆ ಹಂಚಿಕೆಗೇ ಬೆಲ್ ಕರ್ವ್ ಎನ್ನುತ್ತಾರೆ. ನಿಮ್ಮ ಮ್ಯಾನೇಜರ್ ನಿಮಗೆ ಬರೆದ ರೇಟಿಂಗ್ ಆ ಸಭೆ ಮುಗಿದಾಗ ಬೇರೆಯಾಗಿರಬಹುದು. "ನಾ ಕೊಟ್ಟಿದ್ದೆ, ಮ್ಯಾಗಿನವರು ಇಳಿಸ್ಯಾರ" ಎಂಬ ಮಾತು ಎಷ್ಟೋ ಸಲ ನಿಜವೇ ಆಗಿರುತ್ತದೆ.

ಖಾಸಗಿ ಕಂಪನಿಗಳ ಸೂತ್ರ ಸಾಮಾನ್ಯವಾಗಿ ಹೊರಗೆ ಬರುವುದಿಲ್ಲ. ಆದರೆ ಇದೇ ಮೂರು ಅಳತೆಗಳ ಒಂದು ಸೂತ್ರವನ್ನು ಕೇಂದ್ರ ಸರ್ಕಾರ ಬಹಿರಂಗವಾಗಿ ಬರೆದಿಟ್ಟಿದೆ. ವಿಜಯಪುರ ಜಿಲ್ಲೆಯ ಕೂಡಗಿಯಲ್ಲಿರುವ ಎನ್‌ಟಿಪಿಸಿ, ಸಂಡೂರು ತಾಲ್ಲೂಕಿನ ದೋಣಿಮಲೈನಲ್ಲಿ ಅದಿರು ತೆಗೆಯುವ ಎನ್‌ಎಂಡಿಸಿ, ಬೆಂಗಳೂರಿನ ಎಚ್‌ಎಎಲ್ ಮತ್ತು ಬಿಇಎಲ್ ಇಂಥ ಕೇಂದ್ರ ಸಾರ್ವಜನಿಕ ಉದ್ಯಮಗಳ ಅಧಿಕಾರಿಗಳಿಗೆ ಸಿಗುವ ಕಾರ್ಯಕ್ಷಮತೆ ಆಧಾರಿತ ವೇತನಕ್ಕೆ ಪಿಆರ್‌ಪಿ ಎನ್ನುತ್ತಾರೆ. ಅದರ ನಿಯಮಗಳು ಸಾರ್ವಜನಿಕ ಉದ್ಯಮಗಳ ಇಲಾಖೆ 2017ರ ಆಗಸ್ಟ್ 3ರಂದು ಹೊರಡಿಸಿದ ಆದೇಶದಲ್ಲಿವೆ. ಕಂಪನಿಗೆ 50, ತಂಡಕ್ಕೆ 30, ವ್ಯಕ್ತಿಗೆ 20 ಎಂದು ಮೇಲೆ ನಾನು ತೆಗೆದುಕೊಂಡ ಪಾಲು ಅಲ್ಲಿಯದೇ.

ಆ ಲೆಕ್ಕವನ್ನು ಒಬ್ಬ ಇ-2 ದರ್ಜೆಯ ಅಧಿಕಾರಿಗೆ ಹಾಕಿ ನೋಡೋಣ. ತಿಂಗಳ ಮೂಲವೇತನ 60,000 ಇದ್ದರೆ ವರ್ಷಕ್ಕೆ 7,20,000. ಇ-0ಯಿಂದ ಇ-3ರವರೆಗಿನ ದರ್ಜೆಗೆ ಪಿಆರ್‌ಪಿಯ ಮಿತಿ ಮೂಲವೇತನದ ನೂರಕ್ಕೆ 40. ಅಂದರೆ ಹೆಚ್ಚೆಂದರೆ 2,88,000. ಲೆಕ್ಕ ಮೂಲವೇತನದ ಮೇಲಷ್ಟೇ, ತುಟ್ಟಿಭತ್ಯೆ ಇದರಲ್ಲಿ ಸೇರುವುದಿಲ್ಲ. ಕಂಪನಿಯ ಅಂಶ ನಿರ್ಧಾರವಾಗುವುದು ಸರ್ಕಾರದ ಜೊತೆ ಮಾಡಿಕೊಂಡ ಎಂಒಯು ಒಪ್ಪಂದದ ರೇಟಿಂಗ್‌ನಿಂದ. ಅತ್ಯುತ್ತಮವಾದರೆ ಪೂರ್ತಿ, ಬಹಳ ಒಳ್ಳೆಯದಾದರೆ ನೂರಕ್ಕೆ 75, ಒಳ್ಳೆಯದಾದರೆ 50. ತಂಡ ಮತ್ತು ವ್ಯಕ್ತಿಯ ಮೆಟ್ಟಿಲು ಇಷ್ಟು ಕಡಿದಲ್ಲ, 100ರಿಂದ 80, 60, 40 ಎಂದು ಇಳಿಯುತ್ತದೆ. ಕಂಪನಿ ಬಹಳ ಒಳ್ಳೆಯದು, ತಂಡವೂ ಬಹಳ ಒಳ್ಳೆಯದು, ವ್ಯಕ್ತಿ ಅತ್ಯುತ್ತಮ ಎಂದಾದರೆ 0.375, 0.24 ಮತ್ತು 0.20 ಸೇರಿ 0.815. ಮೊತ್ತ 2,34,720.

ಇಷ್ಟಕ್ಕೇ ಮುಗಿಯಲಿಲ್ಲ. ಕೊನೆಯಲ್ಲಿ ಕಿಟ್ಟಿ ಫ್ಯಾಕ್ಟರ್ ಬರುತ್ತದೆ. ಎಲ್ಲ ಅಧಿಕಾರಿಗಳ ಪಿಆರ್‌ಪಿ ಸೇರಿ ಕಂಪನಿಯ ಮೂಲ ವ್ಯವಹಾರದಿಂದ ಬಂದ ಲಾಭದ ನೂರಕ್ಕೆ 5 ಮೀರುವಂತಿಲ್ಲ. ಬ್ಯಾಂಕಿನಲ್ಲಿ ಸುಮ್ಮನೆ ಇಟ್ಟ ಹಣದ ಬಡ್ಡಿ ಆ ಲಾಭದ ಲೆಕ್ಕಕ್ಕೆ ಬರುವುದಿಲ್ಲ. ಹಂಚುವ ಮೊತ್ತದಲ್ಲಿ 65 ಪಾಲು ಆ ವರ್ಷದ ಲಾಭಕ್ಕೆ, 35 ಪಾಲು ಹಿಂದಿನ ವರ್ಷಕ್ಕಿಂತ ಹೆಚ್ಚಾದ ಲಾಭಕ್ಕೆ ಕಟ್ಟಿದ್ದು. ಲಾಭ ಹೆಚ್ಚಾಗದಿದ್ದರೆ ಆ 35 ಪಾಲು ತುಂಬುವುದಿಲ್ಲ. ಮೊದಲ ಪಾಲು ಪೂರ್ತಿ ತುಂಬಿದರೂ ಕಿಟ್ಟಿ ಫ್ಯಾಕ್ಟರ್ ನೂರಕ್ಕೆ 65ರಲ್ಲಿ ನಿಲ್ಲುತ್ತದೆ. ನಮ್ಮ ಅಧಿಕಾರಿಯ 2,34,720 ಆಗ 1,52,568ಕ್ಕೆ ಇಳಿಯುತ್ತದೆ. ಹೋದದ್ದು 82,152 ರೂಪಾಯಿ.

ಇದನ್ನು ರೇಟಿಂಗ್ ಜೊತೆ ಹೋಲಿಸಿ. ಕಿಟ್ಟಿ ಪೂರ್ತಿ ತುಂಬಿದ ವರ್ಷದಲ್ಲಿ ಅದೇ ಅಧಿಕಾರಿಯ ರೇಟಿಂಗ್ ಅತ್ಯುತ್ತಮದಿಂದ ಎರಡು ಮೆಟ್ಟಿಲು ಇಳಿದು ಒಳ್ಳೆಯದು ಎಂದಾದರೆ ಕಳೆದುಕೊಳ್ಳುವುದು 23,040 ರೂಪಾಯಿ. ಲಾಭ ಬೆಳೆಯದಿದ್ದರೆ ಹೋಗುವುದು ಅದರ ಮೂರೂವರೆ ಪಟ್ಟು. ಅಪ್ರೈಸಲ್ ಕೋಣೆಯಲ್ಲಿ ಕೂತು ಒಂದು ಮೆಟ್ಟಿಲಿಗಾಗಿ ವಾದಿಸುವವರಿಗೆ ಈ ಅಂಕಿ ಗೊತ್ತಿರಬೇಕು. ಕಬ್ಬಿಣದ ಅದಿರಿನ ಮಾರುಕಟ್ಟೆ ಬೆಲೆ ಬಿದ್ದರೆ ದೋಣಿಮಲೈನ ಗಣಿಯಲ್ಲಿ ಎಷ್ಟೇ ಚೆನ್ನಾಗಿ ದುಡಿದರೂ ಕಿಟ್ಟಿ ತುಂಬುವುದು ಕಷ್ಟ. ಕೊಪ್ಪಳದ ಬೇವಿನಹಳ್ಳಿ, ಗಿಣಿಗೇರಾ ಸುತ್ತಲಿನ ಕಬ್ಬಿಣ ಮತ್ತು ಉಕ್ಕಿನ ಕಾರ್ಖಾನೆಗಳಂಥ ಉದ್ಯಮದಲ್ಲೂ ಲಾಭದ ಅಂಕಿ ಅದಿರು ಮತ್ತು ಕೋಕಿಂಗ್ ಕಲ್ಲಿದ್ದಲಿನ ಬೆಲೆಯ ಜೊತೆ ಏರಿಳಿಯುತ್ತದೆ. ಕುಲುಮೆಯ ಮುಂದೆ ನಿಂತವರ ಕೈಯಲ್ಲಿ ಆ ಬೆಲೆ ಇಲ್ಲ. ಕಂಪನಿಯ ಫಲಿತಾಂಶಕ್ಕೆ ಹೆಚ್ಚು ಪಾಲು ಕಟ್ಟಿದ ಯೋಜನೆ ಕಿರಿಯ ನೌಕರರಿಗೆ ಒಗ್ಗುವುದಿಲ್ಲ ಎಂದು ನಾನು ಹೇಳುವುದು ಇದೇ ಕಾರಣಕ್ಕೆ. ನಿರ್ಧಾರ ತೆಗೆದುಕೊಳ್ಳುವ ಹಿರಿಯರಿಗೆ ಅದು ಸರಿ.

2017ರ ಆದೇಶ ಒಂದು ಒಳ್ಳೆಯ ಕೆಲಸ ಮಾಡಿತು. ಅದಕ್ಕೂ ಹಿಂದಿನ, ಅಂದರೆ 2008ರ ಆದೇಶದಲ್ಲಿ ಪ್ರತಿ ವರ್ಷ ನೂರಕ್ಕೆ 10 ಮಂದಿಯನ್ನು ಕಡ್ಡಾಯವಾಗಿ ಕಳಪೆ ಎಂದು ಗುರುತಿಸಿ ಅವರಿಗೆ ಏನೂ ಕೊಡಬಾರದು ಎಂದಿತ್ತು. ಎಲ್ಲರೂ ಚೆನ್ನಾಗಿ ದುಡಿದ ತಂಡದಲ್ಲೂ ಯಾರನ್ನಾದರೂ ಬಲಿ ಕೊಡಬೇಕಿತ್ತು. ಆ ಕಡ್ಡಾಯವನ್ನು 2017ರಲ್ಲಿ ತೆಗೆದರು. ಮೇಲಿನ ಮಿತಿ ಉಳಿಯಿತು. ಒಂದು ದರ್ಜೆಯಲ್ಲಿ ನೂರಕ್ಕೆ 15ಕ್ಕಿಂತ ಹೆಚ್ಚು ಮಂದಿಗೆ ಅತ್ಯುತ್ತಮ ಕೊಡುವಂತಿಲ್ಲ.

ಸಾರ್ವಜನಿಕ ವಲಯದ ಬ್ಯಾಂಕುಗಳು ಇದಕ್ಕೆ ಪೂರ್ತಿ ಬೇರೆ ದಾರಿ ಹಿಡಿದವು. 2020ರ ನವೆಂಬರ್ 11ರ ದ್ವಿಪಕ್ಷೀಯ ಒಪ್ಪಂದದ ಪ್ರಕಾರ ಬ್ಯಾಂಕಿನ ಕಾರ್ಯಾಚರಣೆ ಲಾಭ ಹಿಂದಿನ ವರ್ಷಕ್ಕಿಂತ ನೂರಕ್ಕೆ 5ರಿಂದ 10ರಷ್ಟು ಬೆಳೆದರೆ ಸಿಬ್ಬಂದಿಗೆ 5 ದಿನಗಳ ವೇತನ, 10ರಿಂದ 15 ಬೆಳೆದರೆ 10 ದಿನ, ಅದಕ್ಕೂ ಮೀರಿದರೆ 15 ದಿನ. ವೇತನ ಎಂದರೆ ಇಲ್ಲಿ ಮೂಲವೇತನ ಮತ್ತು ತುಟ್ಟಿಭತ್ಯೆ. ಶಾಖೆಯ ಗುರಿ ಇಲ್ಲ, ರೇಟಿಂಗ್ ಇಲ್ಲ. ಗಂಗಾವತಿ ಶಾಖೆಯ ಗುಮಾಸ್ತರಿಗೂ ಕುಷ್ಟಗಿ ಶಾಖೆಯ ಗುಮಾಸ್ತರಿಗೂ ಅಷ್ಟೇ ದಿನ. 2021ರ ಮೇನಲ್ಲಿ ಕೆನರಾ ಬ್ಯಾಂಕ್ 15 ದಿನಗಳ ವೇತನವನ್ನು ಹೀಗೆ ಕೊಟ್ಟಿತು. ಇದರ ಹಣ ಚಿಕ್ಕದು. ತಿಂಗಳಿಗೆ ಮೂಲವೇತನ ಮತ್ತು ತುಟ್ಟಿಭತ್ಯೆ ಸೇರಿ 48,000 ಇರುವವರಿಗೆ 15 ದಿನ ಅಂದರೆ ಸುಮಾರು 24,000. ಆದರೆ ಯಾರು ಬೇಕಾದರೂ ಬ್ಯಾಂಕಿನ ಪ್ರಕಟಿತ ಫಲಿತಾಂಶ ನೋಡಿ ಮನೆಯಲ್ಲೇ ಲೆಕ್ಕ ಹಾಕಬಹುದು. ಆ ಪಾರದರ್ಶಕತೆಗೆ ನನ್ನ ಮಟ್ಟಿಗೆ ದೊಡ್ಡ ಬೆಲೆ ಇದೆ. 2024ರ ನವೆಂಬರ್‌ನಲ್ಲಿ ಕೇಂದ್ರದ ಹಣಕಾಸು ಸೇವೆಗಳ ಇಲಾಖೆ ನಾಲ್ಕನೇ ಶ್ರೇಣಿ ಮತ್ತು ಮೇಲಿನ ಅಧಿಕಾರಿಗಳಿಗೆ ವೈಯಕ್ತಿಕ ಸಾಧನೆಯ ಮೇಲೆ ಪ್ರೋತ್ಸಾಹಧನ ಕೊಡುವ ನಿರ್ದೇಶನ ಕೊಟ್ಟಾಗ ಒಕ್ಕೂಟಗಳು ಸಿಡಿದೆದ್ದವು. 2025ರ ಮಾರ್ಚ್ 24 ಮತ್ತು 25ಕ್ಕೆ ಕರೆ ಕೊಟ್ಟು ಬಳಿಕ ಮುಂದೂಡಿದ ಮುಷ್ಕರದ ಬೇಡಿಕೆಗಳಲ್ಲಿ ಅದನ್ನು ಹಿಂತೆಗೆದುಕೊಳ್ಳಬೇಕು ಎಂಬುದೂ ಒಂದು.

ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳಲ್ಲಿರುವ ನಮ್ಮ ಕಡೆಯ ಹುಡುಗ ಹುಡುಗಿಯರಿಗೆ ಈ ಏರಿಳಿತ ಹೊಸದಲ್ಲ. 2022ರ ಜೂನ್ ತ್ರೈಮಾಸಿಕಕ್ಕೆ ಇನ್ಫೋಸಿಸ್ ವೇರಿಯಬಲ್ ಪೇಯನ್ನು ಸರಾಸರಿ ನೂರಕ್ಕೆ 70ಕ್ಕೆ ಇಳಿಸಿತು, ವಿಪ್ರೊ ಮಧ್ಯಮ ಮತ್ತು ಹಿರಿಯ ಹಂತದವರಿಗೆ ತಡೆಹಿಡಿಯಿತು. ಸರಾಸರಿ 70 ಎಂದರೆ ಎಲ್ಲರಿಗೂ 70 ಎಂದಲ್ಲ. ಅದು ಹಂಚಿಕೆಯ ಮೊತ್ತ, ಅದರೊಳಗೆ ಮತ್ತೆ ತಂಡ ಮತ್ತು ರೇಟಿಂಗ್ ಕೆಲಸ ಮಾಡುತ್ತವೆ. 2024ರಲ್ಲಿ ಟಿಸಿಎಸ್ ಕಚೇರಿಯ ಹಾಜರಾತಿಯನ್ನೂ ವೇರಿಯಬಲ್ ಪೇಗೆ ಜೋಡಿಸಿದ ಸುದ್ದಿ ಬಂತು. ಮೂರು ಅಳತೆಗೆ ನಾಲ್ಕನೆಯದು ಸೇರಿದಂತಾಯಿತು.

ಸೂತ್ರ ಎಷ್ಟೇ ಚೆನ್ನಾಗಿದ್ದರೂ ಹಣ ಕೈತಪ್ಪುವುದು ಹೆಚ್ಚಾಗಿ ಷರತ್ತಿನ ಸಾಲುಗಳಲ್ಲಿ. ವರ್ಷದ ನಡುವೆ ಸೇರಿದವರಿಗೆ ಕೆಲಸ ಮಾಡಿದ ತಿಂಗಳ ಲೆಕ್ಕದಲ್ಲಷ್ಟೇ ಸಿಗುತ್ತದೆ. ಗಂಗಾವತಿಯ ವ್ಯವಸ್ಥಾಪಕರು ಆಗಸ್ಟ್ 1ಕ್ಕೆ ಸೇರಿದ್ದರೆ ಎಂಟು ತಿಂಗಳ ಪಾಲು, 84,480 ರೂಪಾಯಿ. ಕೆಲವು ಯೋಜನೆಗಳಲ್ಲಿ ಅಕ್ಟೋಬರ್ ಬಳಿಕ ಸೇರಿದವರಿಗೆ ಆ ವರ್ಷ ಏನೂ ಇಲ್ಲ. ಇದಕ್ಕಿಂತ ದೊಡ್ಡ ಪೆಟ್ಟು ಕೊಡುವುದು 'ಪಾವತಿಯ ದಿನ ನೌಕರಿಯಲ್ಲಿರಬೇಕು, ನೋಟಿಸ್ ಅವಧಿಯಲ್ಲಿರಬಾರದು' ಎಂಬ ಸಾಲು. ಮಾರ್ಚ್ 31ರ ತನಕ ಪೂರ್ತಿ ವರ್ಷ ದುಡಿದು, ಮೇ ತಿಂಗಳಲ್ಲಿ ರಾಜೀನಾಮೆ ಕೊಟ್ಟು, ಜುಲೈನಲ್ಲಿ ಪಾವತಿಯಾದರೆ ಆ ವರ್ಷದ ವೇರಿಯಬಲ್ ಪೂರ್ತಿ ಹೋದಂತೆ. ಹೊಸ ಕಂಪನಿಯ ಜೊತೆ ಸಂಬಳ ಮಾತಾಡುವಾಗ ಈ ನಷ್ಟವನ್ನು ಬಿಡಿಸಿ ಹೇಳಿ ಸೇರ್ಪಡೆ ಬೋನಸ್ ಕೇಳುವವರಿದ್ದಾರೆ. ಕೇಳುವುದು ನ್ಯಾಯವೇ.

ಕಾರ್ಮಿಕರು ಇನ್ನೊಂದನ್ನು ಬೇರ್ಪಡಿಸಿ ನೋಡಬೇಕು. 1965ರ ಬೋನಸ್ ಕಾಯ್ದೆ ಕೊಟ್ಟ ಬೋನಸ್ ಬೇರೆ, ಕಂಪನಿಯ ವೇರಿಯಬಲ್ ಪೇ ಬೇರೆ. ಆ ಕಾಯ್ದೆ ಈಗ ವೇತನ ಸಂಹಿತೆಯೊಳಗೆ ಸೇರಿದೆ. ಅರ್ಹ ನೌಕರರಿಗೆ ಕಾಯ್ದೆಯ ಬೋನಸ್ ಕನಿಷ್ಠ ನೂರಕ್ಕೆ 8.33, ಗರಿಷ್ಠ 20. ಕಂಪನಿ ನಷ್ಟದಲ್ಲಿದ್ದರೂ ಆ ಕನಿಷ್ಠ ಕೊಡಲೇಬೇಕು, ಅದಕ್ಕೆ ರೇಟಿಂಗ್ ಅಡ್ಡ ಬರುವುದಿಲ್ಲ. ವೇರಿಯಬಲ್ ಪೇ ಕಂಪನಿ ಬರೆದ ಯೋಜನೆ. 'ಯಾವಾಗ ಬೇಕಾದರೂ ಬದಲಿಸುವ ಹಕ್ಕು ಆಡಳಿತಕ್ಕಿದೆ' ಎಂಬ ಸಾಲು ಅದರ ಕೆಳಗೆ ಇದ್ದೇ ಇರುತ್ತದೆ. ಅನುಬಂಧದಲ್ಲಿ ಎರಡನ್ನೂ ಒಂದೇ ಸಾಲಿನಲ್ಲಿ ಹಾಕಿದ್ದರೆ ಅದರಲ್ಲಿ ಹಕ್ಕಿನ ಬೋನಸ್ ಎಷ್ಟು, ಯೋಜನೆಯ ವೇರಿಯಬಲ್ ಎಷ್ಟು ಎಂದು ಬರವಣಿಗೆಯಲ್ಲಿ ಕೇಳಬೇಕು.

ಪಾವತಿ ಬಂದ ಮೇಲೆ ತಾಳೆ ನೋಡುವುದು ಸುಲಭ. ಬಂದ ಮೊತ್ತವನ್ನು, ಟಿಡಿಎಸ್ ಕಡಿತಕ್ಕೆ ಮುಂಚಿನದನ್ನು, ಪತ್ರದ ಗುರಿ ಮೊತ್ತದಿಂದ ಭಾಗಿಸಿ. ಕುಷ್ಟಗಿಯವರಿಗೆ 53,760ನ್ನು 1,20,000ರಿಂದ ಭಾಗಿಸಿದರೆ 0.448. ಕಂಪನಿಯ ಅಂಶ 0.8 ಎಂದು ಎಲ್ಲರಿಗೂ ಮೇಲ್ ಬಂದಿರುತ್ತದೆ. ಅದರಿಂದ ಭಾಗಿಸಿದರೆ ಉಳಿಯುವುದು 0.56. ರೇಟಿಂಗ್ ಪತ್ರದಲ್ಲಿ 0.8 ಇದೆ, ಮತ್ತೆ ಭಾಗಿಸಿದರೆ 0.7. ಶಾಖೆಗೆ ತಿಳಿಸಿದ ಅಂಶವೂ 0.7 ಆಗಿದ್ದರೆ ಲೆಕ್ಕ ಸರಿ. 0.63 ಎಂದು ಬಂದರೆ ಎಲ್ಲೋ ಯಾರೂ ಹೇಳದ 0.9 ಕೂತಿದೆ. ರೇಟಿಂಗ್ ಸರಿದೂಗಿಸಿದ್ದಿರಬಹುದು, ರಜೆಯ ದಿನ ಕಳೆದದ್ದಿರಬಹುದು, ಗುರಿ ಮೊತ್ತವನ್ನೇ ಹಳೆಯ ಸಂಬಳದ ಮೇಲೆ ಹಿಡಿದದ್ದಿರಬಹುದು. ಏಪ್ರಿಲ್‌ನಲ್ಲಿ ಹೈಕ್ ಆದವರಿಗೆ ಈ ಕೊನೆಯದು ಪದೇ ಪದೇ ಆಗುತ್ತದೆ, ಏಕೆಂದರೆ ಮುಗಿದ ವರ್ಷದ ವೇರಿಯಬಲ್ ಲೆಕ್ಕವಾಗುವುದು ಮುಗಿದ ವರ್ಷದ ಸಂಬಳದ ಮೇಲೆ. ಎಚ್‌ಆರ್‌ಗೆ ಬರೆಯುವಾಗ 'ನನಗೆ ಕಡಿಮೆ ಬಂದಿದೆ' ಎಂದು ಬರೆಯಬೇಡಿ. 'ನನ್ನ ಗುರಿ ಮೊತ್ತ, ಕಂಪನಿ ಅಂಶ, ತಂಡದ ಅಂಶ, ರೇಟಿಂಗ್ ಗುಣಕ, ಕೆಲಸದ ದಿನಗಳು, ಈ ಐದನ್ನು ತಿಳಿಸಿ' ಎಂದು ಕೇಳಿ. ಮೊದಲನೆಯದಕ್ಕೆ ಬರುವ ಉತ್ತರ ಸಮಾಧಾನದ ಮಾತಾಗಿರುತ್ತದೆ. ಎರಡನೆಯದಕ್ಕೆ ಅಂಕಿಯನ್ನೇ ಕೊಡಬೇಕಾಗುತ್ತದೆ.

ಸಾಲದ ಕಂತನ್ನು ನಿಶ್ಚಿತ ಸಂಬಳದ ಮೇಲೆ ಮಾತ್ರ ಕಟ್ಟಿ ಎಂದು ಮನೆಯವರಿಗೆ ಹೇಳುವುದು ನೌಕರಿಗೆ ಸೇರಿದವರ ಕೆಲಸ. ನಮ್ಮ ಉದಾಹರಣೆಯ ಇಬ್ಬರಿಗೂ ಅದು ತಿಂಗಳಿಗೆ 60,000, ಅದರಲ್ಲೂ ಪಿಎಫ್ ಕಳೆಯಬೇಕು. ಸಿಟಿಸಿ ಹಿಡಿದು ಲೆಕ್ಕ ಹಾಕಿದರೆ ಅದು 70,000 ಎಂದು ಕಾಣುತ್ತದೆ. ಆ ಹತ್ತು ಸಾವಿರವನ್ನು ಕಂತಿಗೆ ಸೇರಿಸಿಕೊಂಡಿದ್ದರೆ, ಬರದ ವರ್ಷ ಕುಷ್ಟಗಿಯ ಮನೆಗೆ ಬೀಳುತ್ತಿದ್ದ ಕೊರತೆ 66,240 ರೂಪಾಯಿ.